ಕಾರ್ಡ್ ತೆಗೆಯೋಕೆ ಮುಂಚೆ

ಬನ್ನಿ ಶಾಲಿನಿ ಅವರೇ, ಕೂತ್ಕೊಳ್ಳಿ. ನೀರು ಪಕ್ಕದಲ್ಲೇ ಇದೆ. ನಮಗಿರೋದು 45 ನಿಮಿಷ. ಮೊದಲ ಹತ್ತು ನಿಮಿಷ ಮಾತು ಮಾತ್ರ, ಟ್ಯಾರೋ ಕಾರ್ಡ್ ಮುಟ್ಟೋದಿಲ್ಲ. ಇದೆಲ್ಲ ಕೇಳಿದ ಮೇಲೆ ನೀವು ಹುಡುಕ್ತಾ ಬಂದಿದ್ದು ಇದಲ್ಲ ಅನ್ನಿಸಿದ್ರೆ ಧಾರಾಳವಾಗಿ ಹೇಳಿ. ಕಟ್ಟಿದ ದುಡ್ಡು ಪೂರ್ತಿ ವಾಪಸ್ ಕೊಡ್ತೀನಿ, ಯಾಕೆ ಅಂತಲೂ ಕೇಳೋದಿಲ್ಲ. ಮೊದಲ ಕಾರ್ಡ್ ತಿರುಗಿಸಿದ ಮೇಲೆ ಮಾತ್ರ ವಾಪಸ್ ಇಲ್ಲ.

ಮುಖ್ಯವಾದದ್ದನ್ನೇ ಮೊದಲು ಹೇಳ್ತೀನಿ. ಮುಂದೆ ಏನಾಗುತ್ತೆ ಅಂತ ಈ ಕಾರ್ಡ್‌ಗಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಟ್ಯಾರೋ 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಆಟ ಆಡೋಕೆ ಅಂತ ಹುಟ್ಟಿದ್ದು. ಇದು ಈಜಿಪ್ಟಿನ ಪುರಾತನ ಜ್ಞಾನ ಅಂತ 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಬರೆದರು. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿಯನ್ನು ಓದೋಕೇ ಯಾರಿಗೂ ಬರ್ತಿರಲಿಲ್ಲ. ಇಲ್ಲಿರೋ ಪ್ಯಾಕ್ 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪ್ಯಾಕಿನ ಮಾದರಿ. ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಇದನ್ನೇ ಇಟ್ಕೊಂಡಿರೋದಕ್ಕೆ ಕಾರಣ ಇದೆ: ಇಸ್ಪೀಟಿನಲ್ಲಿ ಏಳು ಹಾರ್ಟ್ ಅಂದ್ರೆ ಬರೀ ಏಳು ಗುರುತು, ಇದರಲ್ಲಿ ಏಳರ ಕಾರ್ಡಲ್ಲೂ ಮನುಷ್ಯರಿದ್ದಾರೆ, ಏನೋ ನಡೀತಿದೆ. ಅದನ್ನು ನೋಡ್ತಾ ಮಾತಾಡಬಹುದು.

ಕಾರ್ಡ್ ಮಾಡೋ ಕೆಲಸ ಇಷ್ಟೇ, ಆದರೆ ಇದು ಸಣ್ಣದಲ್ಲ. ಒಂದೇ ಯೋಚನೆಯಲ್ಲಿ ವಾರಗಟ್ಟಲೆ ಸುತ್ತುತ್ತಿರೋವಾಗ, ನೀವಾಗಿ ಆರಿಸಿಕೊಳ್ಳದ ಒಂದು ಚಿತ್ರ ಎದುರಿಗೆ ಬಂದು ಕೂರುತ್ತೆ. ಉದಾಹರಣೆಗೆ ಟು ಆಫ್ ಸ್ವೋರ್ಡ್ಸ್: ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು, ಎದೆ ಮೇಲೆ ಅಡ್ಡಡ್ಡ ಹಿಡಿದ ಎರಡು ಕತ್ತಿ, ಹಿಂದೆ ನೀರು. ಅದು ಬಂದ್ರೆ ನಾನು ಕೇಳೋದು, “ಈ ವಿಷಯದಲ್ಲಿ ನೀವು ನೋಡದೆ ಬಿಟ್ಟಿರೋ ಕಾಗದ, ಲೆಕ್ಕ, ಮಾತು ಯಾವುದು?” ಅಂತ. ಉತ್ತರ ನಿಮ್ಮ ಹತ್ರ ಇರುತ್ತೆ, ಕಾರ್ಡಲ್ಲಿ ಇರೋದಿಲ್ಲ.

ಬುಕ್ ಮಾಡುವಾಗ ನೀವು ಮೂರು ಪ್ರಶ್ನೆ ಬರೆದಿದ್ದೀರಿ. ಅಮ್ಮನ ಸ್ಕ್ಯಾನ್ ರಿಪೋರ್ಟ್ ಹೇಗೆ ಬರುತ್ತೆ ಅನ್ನೋದನ್ನು ನಾನು ತೆಗೆದುಕೊಳ್ಳೋದಿಲ್ಲ. ಒಳ್ಳೇ ಕಾರ್ಡ್ ಬಂತು ಅಂತ ಡಾಕ್ಟರ ಹತ್ರ ಹೋಗೋದು ಒಂದು ವಾರ ತಡವಾದರೂ ಅದು ಅಪಾಯ. ಕೆಟ್ಟ ಕಾರ್ಡ್ ಬಂದ್ರೆ ರಿಪೋರ್ಟ್ ಬರೋವರೆಗೂ ನೀವು ನಿದ್ದೆ ಮಾಡೋದಿಲ್ಲ. ಕೋರ್ಟ್ ಕೇಸು, ಷೇರು, ಹೊಟ್ಟೆಯಲ್ಲಿರೋ ಮಗು ಗಂಡೋ ಹೆಣ್ಣೋ, ಇವಕ್ಕೂ ಇಲ್ಲಿ ಕಾರ್ಡ್ ತೆಗೆಯೋದಿಲ್ಲ.

“ಅತ್ತೆ ಮನಸ್ಸಲ್ಲಿ ಏನಿದೆ” ಅನ್ನೋದು ಎರಡನೇದು. ಇಲ್ಲಿ ಇಲ್ಲದವರ ಮನಸ್ಸನ್ನು ನಾನು ಓದಲಾರೆ. ಓದಿದ ಹಾಗೆ ಮಾತಾಡಿದ್ರೆ ನೀವು ಮನೆಗೆ ಹೋಗಿ, ಅವರು ಆಡದೇ ಇರೋ ಮಾತಿಗೆ ಸಿಟ್ಟು ಮಾಡ್ಕೋತೀರಿ. ಅದರ ಬದಲು, “ಅತ್ತೆ ಹತ್ರ ಈ ಮಾತು ತೆಗೆಯೋಕೆ ನನ್ನನ್ನು ಹಿಂದೆ ಎಳೀತಿರೋದು ಏನು?” ಅಂತ ಕೇಳಿದ್ರೆ ಕೆಲಸ ಆಗುತ್ತೆ.

ಇನ್ನು ಪುಣೆಯ ಕೆಲಸ. “ಹೋದ್ರೆ ಎಲ್ಲ ಸರಿಹೋಗುತ್ತಾ” ಅಂತ ಬರೆದಿದ್ದೀರಿ, ಶುಕ್ರವಾರದೊಳಗೆ ಕಂಪನಿಗೆ ಉತ್ತರ ಕೊಡಬೇಕು ಅಂತಲೂ ಬರೆದಿದ್ದೀರಿ. ಹೌದು, ಇಲ್ಲ ಅನ್ನೋ ಪ್ರಶ್ನೆ ಬೇಡ. ಯಾಕಂದ್ರೆ ಯಾವ ಕಾರ್ಡ್ ಬಂದ್ರೂ ಅದನ್ನು ಹೌದು ಅಂತ ತಿರುಗಿಸಬಹುದು, ಇಲ್ಲ ಅಂತಲೂ ತಿರುಗಿಸಬಹುದು. ಒಂದು ಸಲಹೆ: “ಪುಣೆ ಒಪ್ಪಿಕೊಳ್ಳೋ ಮುಂಚೆ ನಾನು ಯಾವುದನ್ನು ತೂಗಿ ನೋಡಬೇಕು?” ಮಗಳ ಎಸ್‌ಎಸ್‌ಎಲ್‌ಸಿ, ಬಾಡಿಗೆ, ಸಂಬಳದ ವ್ಯತ್ಯಾಸ, ಇವೆಲ್ಲ ಇದರೊಳಗೆ ತಾವಾಗಿ ಬರ್ತವೆ. ಒಪ್ಪಿಗೆಯಾದ್ರೆ ಇವತ್ತು ಇದೊಂದೇ ಪ್ರಶ್ನೆ.

ಮೂರು ಕಾರ್ಡ್ ತೆಗೆಯೋಣ. ಮೊದಲನೇದು ಈಗಿರೋ ಪರಿಸ್ಥಿತಿ, ಎರಡನೇದು ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರೋದು, ಮೂರನೇದು ಶುಕ್ರವಾರದೊಳಗೆ ಮಾಡಬಹುದಾದ ಒಂದು ಕೆಲಸ. ಯಾವ ಜಾಗಕ್ಕೆ ಏನರ್ಥ ಅನ್ನೋದನ್ನು ಕಾರ್ಡ್ ಬರೋ ಮುಂಚೆಯೇ ಬರೆದಿಡ್ತೀವಿ. ಬಂದ ಮೇಲೆ ಅರ್ಥ ಕೊಡೋಕೆ ಹೊರಟರೆ ಎಲ್ಲವೂ ಎಲ್ಲಕ್ಕೂ ಹೊಂದುತ್ತೆ. ಕಾರ್ಡ್ ತಲೆಕೆಳಗಾಗಿ ಬಂದ್ರೆ ನೆಟ್ಟಗೆ ಮಾಡಿ ಓದ್ತೀನಿ. ಇಷ್ಟವಾಗದ ಕಾರ್ಡ್ ಬಂತು ಅಂತ ಅದೇ ಪ್ರಶ್ನೆಗೆ ಇನ್ನೊಮ್ಮೆ ತೆಗೆಯೋದಿಲ್ಲ. ಹಾಗೆ ಮಾಡಿದ್ರೆ ಮನಸ್ಸಿಗೆ ಬೇಕಾದ್ದು ಸಿಗೋವರೆಗೂ ತೆಗೀತಾನೇ ಇರ್ತೀವಿ.

ಸ್ವಲ್ಪ ಲೆಕ್ಕ ಹೇಳಲೇಬೇಕು. ಪ್ಯಾಕಿನಲ್ಲಿ 78 ಕಾರ್ಡ್. ಸಿಕ್ಸ್ ಆಫ್ ಸ್ವೋರ್ಡ್ಸ್ ಅನ್ನೋದರಲ್ಲಿ ದೋಣಿಯಲ್ಲಿ ಒಬ್ಬ ಹೆಂಗಸು, ಮಗು, ಹುಟ್ಟು ಹಾಕೋ ಮನುಷ್ಯ ಇದ್ದಾರೆ. ಅದು ಬಂದ್ರೆ “ಇದು ನಾನು, ಮಗಳು, ಪುಣೆ” ಅಂತ ಮೈ ಜುಮ್ ಅನ್ನುತ್ತೆ. ಆದರೆ ಮೂರು ಕಾರ್ಡ್ ತೆಗೆದಾಗ ಅದು ಬರೋ ಸಾಧ್ಯತೆ 26ಕ್ಕೆ ಒಂದು, ಈ ಕುರ್ಚಿಯಲ್ಲಿ ಯಾರು ಕೂತರೂ ಅಷ್ಟೇ. ಡೆತ್ ಕಾರ್ಡಿಗೂ ಅದೇ 26ಕ್ಕೆ ಒಂದು. ಅದು ಬಂದ್ರೆ ಯಾರ ಸಾವೂ ಅಲ್ಲ. ಏನನ್ನು ಮುಗಿಸಬೇಕು ಅಂತ ಕೇಳೋಕೆ ಅದನ್ನು ಬಳಸ್ತೀವಿ. ಡೆತ್ ಥರ ತನ್ನದೇ ಹೆಸರಿರೋ ದೊಡ್ಡ ಕಾರ್ಡ್‌ಗಳಿಗೆ ಮೇಜರ್ ಅಂತಾರೆ, ಅದು ಬಂದ್ರೆ ವಿಧಿ ಅಂತಾರೆ ಕೆಲವರು. ಅಂಥವು 22 ಇವೆ. ಮೂರರಲ್ಲಿ ಒಂದಾದರೂ ಮೇಜರ್ ಬರೋದು ನೂರಕ್ಕೆ ಸುಮಾರು 64 ಸಲ.

ಈಗ ನನ್ನ ಮೇಲೆ ಕಣ್ಣಿಡೋದು ಹೇಗೆ ಅಂತ. ಎದುರಿಗೆ ಕೂತವರ ವಯಸ್ಸು, ತಾಳಿ, ದನಿ, ಯಾವ ಮಾತಿಗೆ ಮುಖ ಬಾಡಿತು, ಇವೆಲ್ಲ ಯಾರಿಗಾದರೂ ಕಾಣುತ್ತೆ. ಅದನ್ನೇ ಕಾರ್ಡ್ ಹೇಳ್ತು ಅನ್ನೋದು ಮೋಸ. ನಿಮ್ಮ ಮುಖ ನೋಡಿ ಹೇಳಿದ್ದನ್ನು “ಇದು ನನ್ನ ಊಹೆ” ಅಂತಲೇ ಹೇಳ್ತೀನಿ. ಇನ್ನೊಂದು, “ನೀವು ಹೊರಗೆ ಗಟ್ಟಿ, ಒಳಗೆ ಮೃದು” ಅನ್ನೋ ಥರದ ಮಾತು. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಗೆಲ್ಲ ಒಂದೇ ವರ್ಣನೆಯನ್ನು ಹಂಚಿ, ಇದು ನಿಮಗೇ ಅಂತ ಬರೆದದ್ದು ಅಂದರು. ಎಷ್ಟು ಸರಿಯಿದೆ ಅಂತ ಕೇಳಿದ್ದಕ್ಕೆ ಸರಾಸರಿ 5ಕ್ಕೆ 4.26 ಅಂಕ ಬಂತು. ಬಸ್ಸಿನಲ್ಲಿರೋ ಎಲ್ಲರಿಗೂ ಹೊಂದೋ ಮಾತು ನನ್ನ ಬಾಯಲ್ಲಿ ಬಂದ್ರೆ ತಡೆದು ಕೇಳಿ, “ಚಿತ್ರದಲ್ಲಿ ಎಲ್ಲಿದೆ ಅದು?” ನಾನು ಬೆರಳಿಟ್ಟು ತೋರಿಸಬೇಕು. ತೋರಿಸೋಕಾಗದಿದ್ರೆ ಆ ಮಾತನ್ನು ಬಿಟ್ಟುಬಿಡಿ.

ಹೊಂದದೇ ಇದ್ರೆ “ಇಲ್ಲ” ಅನ್ನಿ. ನನ್ನ ಮರ್ಯಾದೆಗೆ ಅಂತ ಹೊಂದಿಸಿಕೊಳ್ಳಬೇಡಿ. ಮೂರೂ ಕಾರ್ಡ್ ಏನೂ ಹೊಳೆಸದೆ ಹೋಗಬಹುದು. ಹಾಗಾದ್ರೆ ಉಳಿದ ಹೊತ್ತಲ್ಲಿ ಕಾರ್ಡ್ ಬದಿಗಿಟ್ಟು ಸಂಬಳ, ಖರ್ಚಿನ ಲೆಕ್ಕ ಬರೆಯೋಣ.

ದೋಷ, ದೃಷ್ಟಿ, ಮಾಟ ಅನ್ನೋ ಮಾತು ಇಲ್ಲಿ ಬರೋದಿಲ್ಲ. ಪರಿಹಾರ, ಹರಳು, ಮೇಲೊಂದಿಷ್ಟು ದುಡ್ಡು ಅಂತ ಯಾವತ್ತೂ ಕೇಳೋದಿಲ್ಲ. ಇದೇ ವಿಷಯಕ್ಕೆ ಮುಂದಿನ ವಾರ ಮತ್ತೆ ಬರ್ತೀನಿ ಅಂದ್ರೂ ಬೇಡ ಅಂತೀನಿ. ಶುಕ್ರವಾರದ ತೀರ್ಮಾನ ಆಗಿ, ಪರಿಸ್ಥಿತಿ ಬದಲಾದ ಮೇಲೆ ನೋಡೋಣ. ಅಮ್ಮನ ಚಿಂತೆಯಲ್ಲಿ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸೋವಷ್ಟು ಭಾರವಾದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಹೊತ್ತಿನಲ್ಲಿ ಬೇಕಾದದ್ದು ತರಬೇತಿ ಇರೋರು, ಟ್ಯಾರೋ ಓದೋರಲ್ಲ.

ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಮನೆಯಲ್ಲಿ ಇನ್ನೊಮ್ಮೆ ಕೇಳಿದಾಗ, ನಾನು ಹೇಳಿದ್ದೆಷ್ಟು, ನೀವೇ ಹೇಳಿದ್ದೆಷ್ಟು ಅನ್ನೋದು ಸ್ಪಷ್ಟವಾಗುತ್ತೆ. ಜೊತೆಗೆ ಬಂದಿರೋ ನಿಮ್ಮ ಗೆಳತಿ ಒಳಗೆ ಕೂರಬೇಕಾ, ಹೊರಗಾ, ಅದು ನಿಮ್ಮಿಷ್ಟ. ಯಾವ ಹಂತದಲ್ಲಾದರೂ “ಸಾಕು” ಅಂದ್ರೆ ಅಲ್ಲಿಗೆ ನಿಲ್ಲಿಸ್ತೀನಿ.

ಕೇಳೋದೇನಾದ್ರೂ ಇದ್ರೆ ಈಗ ಕೇಳಿ. ಇಲ್ಲದಿದ್ರೆ ಈ ಚೀಟಿಯಲ್ಲಿ ಪ್ರಶ್ನೆಯನ್ನು ನಿಮ್ಮ ಅಕ್ಷರದಲ್ಲೇ ಬರೆದು, ಕೆಳಗೆ ಮೂರು ಜಾಗದ ಅರ್ಥವನ್ನೂ ಬರೆಯಿರಿ. ಆಮೇಲೆ ಪ್ಯಾಕ್ ತೊಗೊಂಡು ಚೆನ್ನಾಗಿ ಕಲೆಸಿ, ಕಡಿಮೆ ಅಂದ್ರೂ ಏಳು ಸಲ. ಕೈಯಿಂದ ಒಂದೆರಡು ಬಿದ್ರೆ ಅದಕ್ಕೆ ಅರ್ಥ ಏನೂ ಇಲ್ಲ, ಎತ್ತಿ ಒಳಗೆ ಸೇರಿಸಿ.