ಹತ್ತನೇ ತರಗತಿ ಇತಿಹಾಸ: ನಾಲ್ಕು ಘಟಕಗಳ ಪರೀಕ್ಷೆಗೆ ನೀಲನಕ್ಷೆ ಮತ್ತು ಪ್ರಶ್ನೆಪತ್ರಿಕೆ

ಅಂಕ: 40. ಸಮಯ: 1 ಗಂಟೆ 30 ನಿಮಿಷ. ಎ, ಬಿ, ಸಿ ಮೂರೂ ವಿಭಾಗಗಳಿಗೆ ಒಂದೇ ಪತ್ರಿಕೆ.

ಸಹೋದ್ಯೋಗಿಗಳಿಗೆ

ಪತ್ರಿಕೆ ನೋಡುವ ಮೊದಲು ಒಂದು ಮಾತು. ‘ಏಕೆ’ ಎಂದು ಕೇಳಿದ ಕೂಡಲೇ ಪ್ರಶ್ನೆ ಗ್ರಹಿಕೆಯ ಹಂತಕ್ಕೆ ಏರುವುದಿಲ್ಲ. ಹೊಸ ಜಲಮಾರ್ಗಕ್ಕೆ ಕಾರಣಗಳೇನು ಎಂಬುದನ್ನು ನಾವೇ ಬೋರ್ಡಿನ ಮೇಲೆ ಬರೆಸಿದ್ದೇವೆ, ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಪರೀಕ್ಷೆಯಲ್ಲಿ ಅದನ್ನೇ ಕೇಳಿದರೆ ಅದು ಸ್ಮರಣೆಯ ಪ್ರಶ್ನೆಯೇ, ಅಲ್ವಾ? ಎ ವಿಭಾಗದಲ್ಲಿ ನೋಟ್ಸ್ ಕೊಟ್ಟು, ಬಿ ವಿಭಾಗದಲ್ಲಿ ಚರ್ಚೆ ಮಾತ್ರ ಮಾಡಿದ್ದರೆ ಒಂದೇ ಪ್ರಶ್ನೆ ಎರಡು ಕೊಠಡಿಗಳಲ್ಲಿ ಎರಡು ಹಂತದ್ದಾಗುತ್ತದೆ. ಆದ್ದರಿಂದ ಮೂರೂ ವಿಭಾಗಗಳ ನೋಟ್ಸ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಹಂತಗಳನ್ನು ಗುರುತಿಸಿದ್ದೇನೆ. ಬರೆಸಿದ ಸಾಲಿನಲ್ಲೇ ಉತ್ತರ ಸಿಗುವ ಪ್ರಶ್ನೆಯನ್ನು, ಅದರ ಕ್ರಿಯಾಪದ ಏನೇ ಇರಲಿ, ಸ್ಮರಣೆಗೆ ಹಾಕಿದ್ದೇನೆ.

ಸ್ಮರಣೆಗೆ 10 ಅಂಕ (ಶೇ. 25), ಗ್ರಹಿಕೆಗೆ 16 (ಶೇ. 40), ಅನ್ವಯಕ್ಕೆ 10 (ಶೇ. 25), ಕೌಶಲಕ್ಕೆ 4 (ಶೇ. 10). ಸ್ಮರಣೆಯನ್ನು ಇನ್ನೂ ಇಳಿಸುವುದು ಬೇಡ. ಹೆಸರು, ವರ್ಷ, ಜಾಗ ತಿಳಿಯದೆ ಇತಿಹಾಸದಲ್ಲಿ ಯೋಚನೆ ಮಾಡಲು ಆಗುವುದಿಲ್ಲ. ಓದಿನಲ್ಲಿ ಹಿಂದಿರುವ ಮಗುವಿಗೂ ಈ 10 ಅಂಕ ಧೈರ್ಯ ಕೊಡುತ್ತದೆ.

ನೀಲನಕ್ಷೆ

ಕೋಶದಲ್ಲಿ ಮೊದಲು ಅಂಕ, ಆವರಣದಲ್ಲಿ ಪ್ರಶ್ನೆ ಸಂಖ್ಯೆ.

| ಘಟಕ | ಸ್ಮರಣೆ | ಗ್ರಹಿಕೆ | ಅನ್ವಯ | ಕೌಶಲ | ಒಟ್ಟು |
|---|---|---|---|---|---|
| ಯುರೋಪಿಯನ್ನರ ಆಗಮನ | 2 (1, 5) | 5 (9, 14) | – | – | 7 |
| ಬ್ರಿಟಿಷ್ ಆಳ್ವಿಕೆಯ ವಿಸ್ತರಣೆ | 3 (6, 10) | 2 (13) | 4 (2, 15) | 2 (20) | 11 |
| ಬ್ರಿಟಿಷ್ ಆಳ್ವಿಕೆಯ ಪರಿಣಾಮಗಳು | 1 (7) | 5 (11, 16) | 3 (3, 19ಇ) | 2 (19ಅ, ಆ) | 11 |
| ಕರ್ನಾಟಕದಲ್ಲಿ ಪ್ರತಿರೋಧ | 4 (4, 8, 12) | 4 (18) | 3 (17) | – | 11 |
| ಒಟ್ಟು | 10 | 16 | 10 | 4 | 40 |

ಕಷ್ಟದ ಮಟ್ಟ: ಸುಲಭ 12 ಅಂಕ (ಸ್ಮರಣೆಯ ಎಲ್ಲ ಪ್ರಶ್ನೆಗಳು, ಜೊತೆಗೆ 2 ಮತ್ತು 3), ಸಾಧಾರಣ 20, ಕಠಿಣ 8 (16, 17, 19ಇ). ಹಂತ ಬೇರೆ, ಕಷ್ಟ ಬೇರೆ. ಎರಡನೇ ಪ್ರಶ್ನೆ ಅನ್ವಯದ್ದೇ ಆದರೂ ಸುಲಭ. ಹದಿನಾರನೆಯದು ಗ್ರಹಿಕೆಯದ್ದು, ಆದರೆ ಬರೆಯಲು ಕಷ್ಟ. ಇವೆರಡನ್ನೂ ಒಂದೇ ಎಂದುಕೊಂಡರೆ ಮೇಲಿನ ಹಂತದ ಪ್ರಶ್ನೆಗಳೆಲ್ಲ ಜಾಣ ಮಕ್ಕಳ ಪಾಲಾಗುತ್ತವೆ.

ಯುರೋಪಿಯನ್ನರ ಆಗಮನಕ್ಕೆ ತರಗತಿಯಲ್ಲಿ ಕಡಿಮೆ ಅವಧಿ ಕೊಟ್ಟಿದ್ದೆವು. ಅಂಕವೂ ಅಷ್ಟೇ. ಸಮಯದ ಲೆಕ್ಕ ಹೀಗಿದೆ: ಓದಲು 10 ನಿಮಿಷ, ಒಂದು ಅಂಕದವುಗಳಿಗೆ 10, ಎರಡು ಅಂಕದವುಗಳಿಗೆ 20, ಮೂರು ಅಂಕದವುಗಳಿಗೆ 24, ಉಳಿದ ಮೂರು ಪ್ರಶ್ನೆಗಳಿಗೆ 24.

ಪ್ರಶ್ನೆಪತ್ರಿಕೆ

I. ಸರಿಯಾದ ಉತ್ತರವನ್ನು ಆರಿಸಿ, ಕ್ರಮಾಕ್ಷರದೊಂದಿಗೆ ಬರೆಯಿರಿ. (4 × 1 = 4)

1. ‘ನೀಲಿ ನೀರಿನ ನೀತಿ’ಯನ್ನು ಜಾರಿಗೆ ತಂದವನು
(ಎ) ಅಲ್ಬುಕರ್ಕ್ (ಬಿ) ಡೂಪ್ಲೆ (ಸಿ) ಅಲ್ಮೇಡಾ (ಡಿ) ರಾಬರ್ಟ್ ಕ್ಲೈವ್

2. ಒಬ್ಬ ರಾಜನಿಗೆ ಸ್ವಂತ ಮಕ್ಕಳಿಲ್ಲ. ಅವನು ಒಬ್ಬ ಹುಡುಗನನ್ನು ದತ್ತು ಪಡೆದು 1850ರಲ್ಲಿ ತೀರಿಕೊಂಡ. ಹುಡುಗನಿಗೆ ಪಟ್ಟವಿಲ್ಲ ಎಂದು ಕಂಪನಿ ಸಂಸ್ಥಾನವನ್ನೇ ತೆಗೆದುಕೊಂಡಿತು. ಇಲ್ಲಿ ಬಳಸಿದ ನೀತಿ
(ಎ) ಸಹಾಯಕ ಸೈನ್ಯ ಪದ್ಧತಿ (ಬಿ) ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿ (ಸಿ) ದಿವಾನಿ ಹಕ್ಕು (ಡಿ) ಒಡೆದು ಆಳುವ ನೀತಿ

3. ಒಬ್ಬ ರೈತ ತನ್ನ ಹೊಲದ ಕಂದಾಯವನ್ನು ಯಾವ ಮಧ್ಯವರ್ತಿಯೂ ಇಲ್ಲದೆ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾನೆ. ಈ ಪದ್ಧತಿ
(ಎ) ಕಾಯಂ ಜಮೀನ್ದಾರಿ (ಬಿ) ಮಹಲ್ವಾರಿ (ಸಿ) ಜಾಗೀರು (ಡಿ) ರೈತವಾರಿ

4. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳ
(ಎ) ಬೈಲಹೊಂಗಲ (ಬಿ) ನಂದಗಡ (ಸಿ) ಸುರಪುರ (ಡಿ) ಹಲಗಲಿ

II. ಒಂದು ವಾಕ್ಯದಲ್ಲಿ ಉತ್ತರಿಸಿ. (4 × 1 = 4)

5. 1498ರಲ್ಲಿ ಸಮುದ್ರ ಮಾರ್ಗವಾಗಿ ಭಾರತಕ್ಕೆ ಬಂದ ಪೋರ್ಚುಗೀಸ್ ನಾವಿಕ ಯಾರು?

6. ಸಹಾಯಕ ಸೈನ್ಯ ಪದ್ಧತಿಯನ್ನು ಜಾರಿಗೆ ತಂದ ಗವರ್ನರ್ ಜನರಲ್ ಯಾರು?

7. 1835ರಲ್ಲಿ ಇಂಗ್ಲಿಷ್ ಶಿಕ್ಷಣದ ಪರವಾಗಿ ವರದಿ ಕೊಟ್ಟವರು ಯಾರು?

8. 1824ರ ಕಿತ್ತೂರು ಯುದ್ಧದಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಯಾರು?

III. ಎರಡರಿಂದ ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ. (5 × 2 = 10)

9. 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು. ಸುಮಾರು ನಲವತ್ತೈದು ವರ್ಷಗಳ ನಂತರ ಕಲ್ಲಿಕೋಟೆಯ ಬಳಿ ಪೋರ್ಚುಗೀಸ್ ಹಡಗು ಬಂದು ನಿಂತಿತು. ಈ ಎರಡು ಘಟನೆಗಳಿಗೆ ಇರುವ ಸಂಬಂಧವನ್ನು ವಿವರಿಸಿ.

10. ಬಕ್ಸಾರ್ ಕದನದ ಎರಡು ಪರಿಣಾಮಗಳನ್ನು ಬರೆಯಿರಿ.

11. ಇಂಗ್ಲೆಂಡಿನ ಗಿರಣಿ ಬಟ್ಟೆ ನಮ್ಮ ಸಂತೆಗಳಿಗೆ ಬಂದ ಮೇಲೆ ಹೊಲದ ಕೂಲಿ ಹುಡುಕುವವರ ಸಂಖ್ಯೆ ಹೆಚ್ಚಿತು. ಹೇಗೆ?

12. ಶ್ರೀರಂಗಪಟ್ಟಣ ಒಪ್ಪಂದದ ಯಾವುದಾದರೂ ಎರಡು ಷರತ್ತುಗಳನ್ನು ಬರೆಯಿರಿ.

13. ಸಂಸ್ಥಾನಗಳನ್ನು ಹಿಡಿತಕ್ಕೆ ತಂದುಕೊಳ್ಳಲು ವೆಲ್ಲೆಸ್ಲಿ ಹಿಡಿದ ದಾರಿಗೂ ಡಾಲ್‌ಹೌಸಿ ಹಿಡಿದ ದಾರಿಗೂ ಇರುವ ಎರಡು ವ್ಯತ್ಯಾಸಗಳನ್ನು ಬರೆಯಿರಿ.

IV. ಐದಾರು ವಾಕ್ಯಗಳಲ್ಲಿ ಉತ್ತರಿಸಿ. (4 × 3 = 12)

14. ಡೂಪ್ಲೆಯಂಥ ಚತುರ ಅಧಿಕಾರಿ ಇದ್ದರೂ ಫ್ರೆಂಚರು ಇಂಗ್ಲಿಷರ ಎದುರು ನಿಲ್ಲಲಾಗಲಿಲ್ಲ. ಕಾರಣಗಳನ್ನು ವಿವರಿಸಿ.

15. ಇಸವಿ 1798. ನೀವು ಒಂದು ಸಣ್ಣ ಸಂಸ್ಥಾನದ ದಿವಾನರು. ಕಂಪನಿಯ ಸೈನ್ಯವನ್ನು ಇಟ್ಟುಕೊಳ್ಳುವಂತೆ ಪತ್ರ ಬಂದಿದೆ. ರಾಜರು ಒಪ್ಪಿದರೆ ಖಜಾನೆಗೆ, ಬೇರೆ ರಾಜರೊಂದಿಗಿನ ಸಂಬಂಧಕ್ಕೆ ಮತ್ತು ಸಂಸ್ಥಾನದ ಸ್ವಂತ ಸೈನಿಕರಿಗೆ ಏನಾಗಬಹುದೆಂದು ರಾಜರಿಗೆ ತಿಳಿಸಿ ಬರೆಯಿರಿ.

16. ಆಡಳಿತಕ್ಕೆ ಗುಮಾಸ್ತರು ಬೇಕೆಂದು ಬ್ರಿಟಿಷರು ಇಂಗ್ಲಿಷ್ ಶಿಕ್ಷಣ ತಂದರು. ಅದೇ ಶಿಕ್ಷಣ ಮುಂದೆ ಅವರ ಆಳ್ವಿಕೆಗೆ ಹೇಗೆ ಮುಳುವಾಯಿತು?

17. ಕಿತ್ತೂರಿನ ಹೋರಾಟದ ಕಾರಣ ಒಂದು, ಹಲಗಲಿಯ ಬೇಡರ ಬಂಡಾಯದ ಕಾರಣ ಇನ್ನೊಂದು. ಎರಡನ್ನೂ ಹೇಳಿ, ಎರಡಕ್ಕೂ ಸಮಾನವಾದ ಒಂದು ಅಂಶವನ್ನು ಗುರುತಿಸಿ ಸಮರ್ಥಿಸಿ.

V. ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಿ. (1 × 4 = 4)

18. 1784ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪು ಮತ್ತು ಕಂಪನಿ ಗೆದ್ದ ಜಾಗಗಳನ್ನು ಪರಸ್ಪರ ಬಿಟ್ಟುಕೊಟ್ಟರು. 1792ರ ಹೊತ್ತಿಗೆ ಕಂಪನಿ ಹೇಳಿದ ಷರತ್ತಿಗೆ ಟಿಪ್ಪು ಒಪ್ಪಲೇಬೇಕಾಯಿತು. ಈ ಎಂಟು ವರ್ಷಗಳಲ್ಲಿ ಆದ ಬದಲಾವಣೆಗಳನ್ನು ವಿವರಿಸಿ.
ಅಥವಾ
ಸಂಗೊಳ್ಳಿ ರಾಯಣ್ಣನ ಬಳಿ ದೊಡ್ಡ ಸೈನ್ಯವಿರಲಿಲ್ಲ. ಆದರೂ ಅವನು ಕಂಪನಿಯನ್ನು ಹೈರಾಣು ಮಾಡಿದ್ದು ಹೇಗೆ? ಕೊನೆಗೆ ಸೆರೆ ಸಿಕ್ಕಿದ್ದು ಏಕೆ?

VI. ಸಂದರ್ಭವನ್ನು ಓದಿ ಉತ್ತರಿಸಿ. (4)

19. ಬಂಗಾಳದ ಒಂದು ಹಳ್ಳಿ. ಈ ವರ್ಷ ಮಳೆ ಇಲ್ಲ, ಭತ್ತ ಒಣಗಿದೆ. ಧಣಿಯ ಆಳು ರೈತನ ಬಾಗಿಲಿಗೆ ಬಂದಿದ್ದಾನೆ. “ಗೊತ್ತು ಮಾಡಿದ ದಿನ ಹೊತ್ತು ಮುಳುಗುವುದರೊಳಗೆ ನಮ್ಮ ಧಣಿ ಕಂಪನಿಗೆ ಹಣ ಕಟ್ಟಬೇಕು. ಇಲ್ಲದಿದ್ದರೆ ಅವರ ಭೂಮಿಯೇ ಹರಾಜಾಗುತ್ತದೆ. ಬೆಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ” ಎನ್ನುತ್ತಾನೆ. ರೈತ ಸಾಲ ಕೇಳಲು ಸಾಹುಕಾರನ ಮನೆಗೆ ಹೊರಡುತ್ತಾನೆ.

(ಅ) ಇಲ್ಲಿ ಕಾಣುವ ಕಂದಾಯ ಪದ್ಧತಿ ಯಾವುದು? (1)
(ಆ) ಅದನ್ನು ತೋರಿಸುವ ಎರಡು ಸುಳಿವುಗಳನ್ನು ಮೇಲಿನ ಸಾಲುಗಳಿಂದ ಆರಿಸಿ ಬರೆಯಿರಿ. (1)
(ಇ) ಇದೇ ರೈತ ಮನ್ರೋ ಕಾಲದ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದಿದ್ದರೆ ಅವನ ಪಾಡಿನಲ್ಲಿ ಏನು ಬದಲಾಗುತ್ತಿತ್ತು, ಏನು ಬದಲಾಗುತ್ತಿರಲಿಲ್ಲ? (2)

VII. ಭೂಪಟ ಕೆಲಸ. (2)

20. ಕೊಟ್ಟಿರುವ ಭಾರತದ ಭೂಪಟದಲ್ಲಿ ಪ್ಲಾಸಿ ಮತ್ತು ಝಾನ್ಸಿಯನ್ನು ಗುರುತಿಸಿ, ಹೆಸರು ಬರೆಯಿರಿ.
(ದೃಷ್ಟಿ ದೋಷವಿರುವ ವಿದ್ಯಾರ್ಥಿಗಳಿಗೆ ಮಾತ್ರ: ಪ್ಲಾಸಿ ಕಲ್ಕತ್ತದಿಂದ ಯಾವ ದಿಕ್ಕಿಗಿದೆ? ಝಾನ್ಸಿ ದೆಹಲಿಯಿಂದ ಯಾವ ದಿಕ್ಕಿಗಿದೆ?)

ಮೌಲ್ಯಮಾಪಕರಿಗೆ

ಒಂದು ಅಂಕದ ಉತ್ತರಗಳು: 1-ಸಿ, 2-ಬಿ, 3-ಡಿ, 4-ಬಿ, 5-ವಾಸ್ಕೋ ಡ ಗಾಮಾ, 6-ವೆಲ್ಲೆಸ್ಲಿ, 7-ಮೆಕಾಲೆ, 8-ಥ್ಯಾಕರೆ. ಆರನೆಯದರ ಉತ್ತರ ಹದಿಮೂರರಲ್ಲಿ ಇಣುಕುತ್ತದೆ ಎನ್ನಬಹುದು. ಆದರೆ ಅಲ್ಲಿ ಪದ್ಧತಿಯ ಹೆಸರನ್ನು ಬೇಕೆಂದೇ ಕೊಟ್ಟಿಲ್ಲ. ವೆಲ್ಲೆಸ್ಲಿಗೂ ಆ ಪದ್ಧತಿಗೂ ನಂಟು ಗೊತ್ತಿರುವವನಿಗೆ ಮಾತ್ರ ಅದು ಸಹಾಯಕ್ಕೆ ಬರುತ್ತದೆ.

9ಕ್ಕೆ, ಭೂಮಾರ್ಗದ ವ್ಯಾಪಾರ ಟರ್ಕರ ಕೈಗೆ ಹೋಗಿ ತೆರಿಗೆ ಹೆಚ್ಚಿದ್ದಕ್ಕೆ ಒಂದು ಅಂಕ, ಅದರಿಂದ ಬೇರೆ ದಾರಿ ಹುಡುಕಿದ್ದಕ್ಕೆ ಒಂದು. ಬರೀ ಎರಡು ಘಟನೆಗಳನ್ನು ಮತ್ತೆ ಬರೆದಿಟ್ಟರೆ ಅಂಕವಿಲ್ಲ, ಅವು ಪ್ರಶ್ನೆಯಲ್ಲೇ ಇವೆ. 12ಕ್ಕೆ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ, ಇವುಗಳಲ್ಲಿ ಯಾವ ಎರಡಾದರೂ ಸರಿ.

15ರಲ್ಲಿ ಪತ್ರದ ನಮೂನೆಗೆ ಅಂಕ ಕೊಡಬೇಡಿ, ಕಳೆಯಲೂ ಬೇಡಿ. ಸೈನ್ಯದ ಖರ್ಚು, ಕಂಪನಿಯ ಒಪ್ಪಿಗೆಯಿಲ್ಲದೆ ಬೇರೆಯವರೊಂದಿಗೆ ಒಪ್ಪಂದ ಇಲ್ಲ, ಸ್ವಂತ ಸೈನಿಕರು ಕೆಲಸ ಕಳೆದುಕೊಳ್ಳುವುದು, ತಲಾ ಒಂದು ಅಂಕ. ಒಬ್ಬ ವಿದ್ಯಾರ್ಥಿ ‘ಆದರೂ ಸಹಿ ಹಾಕಿ, ಪಕ್ಕದ ರಾಜನ ಭಯ ಇದೆ’ ಎಂದು ಬರೆದರೂ, ಈ ಮೂರು ಬಂದಿದ್ದರೆ ಪೂರ್ಣ ಅಂಕ.

17ಕ್ಕೆ ಬರೆಸಿದ ಉತ್ತರ ಯಾವ ನೋಟ್ಸಿನಲ್ಲೂ ಇಲ್ಲ. ದತ್ತು ಒಪ್ಪದೆ ಹೋದದ್ದು ಒಂದು ಅಂಕ, ಬೇಡರ ಆಯುಧ ಕಿತ್ತುಕೊಳ್ಳಲು 1857ರಲ್ಲಿ ಹೊರಟದ್ದು ಒಂದು. ಮೂರನೆಯ ಅಂಕ ಮಗುವಿನ ಯೋಚನೆಗೆ: ಹಿಂದಿನಿಂದ ತಮ್ಮದಾಗಿದ್ದ ಹಕ್ಕಿಗೆ ಕಂಪನಿ ಕೈ ಹಾಕಿತು, ಯಾರನ್ನೂ ಕೇಳದೆ ತೀರ್ಮಾನಿಸಿತು, ಹೀಗೆ ಯಾವ ಮಾತಿನಲ್ಲಿ ಬಂದರೂ ಸರಿ. ‘ಇಬ್ಬರೂ ಶೂರರು’ ಎಂದಷ್ಟೇ ಬರೆದರೆ ಆ ಅಂಕ ಬೇಡ. ಪ್ರಶ್ನೆ ಕೇಳಿದ್ದು ಕಾರಣಗಳ ಸಾಮ್ಯ.

18ರ ಎರಡೂ ಆಯ್ಕೆಗಳು ಒಂದೇ ಘಟಕ, ಒಂದೇ ಹಂತ. ಮೊದಲನೆಯದಕ್ಕೆ: 1789ರಲ್ಲಿ ತಿರುವಾಂಕೂರಿನ ಮೇಲಿನ ದಾಳಿ, ನಿಜಾಮ ಮತ್ತು ಮರಾಠರು ಕಂಪನಿಯ ಜೊತೆ ಸೇರಿದ್ದು, ಕಾರ್ನ್‌ವಾಲಿಸನೇ ಬಂದು 1791ರಲ್ಲಿ ಬೆಂಗಳೂರು ಹಿಡಿದದ್ದು, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ಎರಡನೆಯದಕ್ಕೆ: ಗೆರಿಲ್ಲಾ ಮಾದರಿ, ಕಾಡು-ಗುಡ್ಡದ ಪರಿಚಯ, ಸರ್ಕಾರಿ ಕಚೇರಿ ಮತ್ತು ಖಜಾನೆಗಳ ಮೇಲೆ ದಾಳಿ, ಒಳಗಿನವರ ದ್ರೋಹ.

19ಇಗೆ, ಜಮೀನ್ದಾರನ ಆಳು ಬರುವುದಿಲ್ಲ, ರೈತ ಸರ್ಕಾರದೊಂದಿಗೇ ವ್ಯವಹರಿಸುತ್ತಾನೆ ಎಂಬುದಕ್ಕೆ ಒಂದು. ಕಂದಾಯದ ಭಾರ ಮತ್ತು ಸಾಲದ ಕಾಟ ಹಾಗೇ ಉಳಿಯುತ್ತಿತ್ತು ಎಂಬುದಕ್ಕೆ ಒಂದು.

20ರಲ್ಲಿ ಪ್ಲಾಸಿ ಕಲ್ಕತ್ತದ ಉತ್ತರಕ್ಕೆ ಬಂದಿರಬೇಕು, ಝಾನ್ಸಿ ದೆಹಲಿಯ ದಕ್ಷಿಣಕ್ಕೆ. ಚುಕ್ಕೆ ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ. ಚುಕ್ಕೆ ಸರಿ ಇದ್ದು ಹೆಸರು ಬರೆಯದಿದ್ದರೆ ಅರ್ಧ ಅಂಕ.