ಪೇಯ್ಡ್ ಮೀಡಿಯಾ ಎಕ್ಸಿಕ್ಯುಟಿವ್ ಬೇಕಾಗಿದ್ದಾರೆ: ಶಿವಮೊಗ್ಗ

ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಕಾಳುಮೆಣಸು, ಏಲಕ್ಕಿ, ಜೇನುತುಪ್ಪ: ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕುಟುಂಬಗಳಿಂದ ಕೊಂಡು ನಾವು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಹೆಚ್ಚಿನ ಆರ್ಡರ್ ಬೆಂಗಳೂರಿನದು. ಈಗ ಪುಣೆ, ಮುಂಬೈ, ಹೈದರಾಬಾದ್‌ಗಳಿಂದಲೂ ಬೇಡಿಕೆ ಬರುತ್ತಿದೆ. ಇದುವರೆಗೆ ಹೊರಗಿನ ಏಜೆನ್ಸಿ ನೋಡಿಕೊಳ್ಳುತ್ತಿದ್ದ ಜಾಹೀರಾತಿನ ಕೆಲಸ ಇನ್ನು ವಿನೋಬನಗರದ ನಮ್ಮ ಕಚೇರಿಯಲ್ಲೇ ನಡೆಯಲಿದೆ.

ಕೆಲಸ

ತಿಂಗಳಿಗೆ ಸುಮಾರು 4 ಲಕ್ಷ ರೂಪಾಯಿಯ ಜಾಹೀರಾತು ಬಜೆಟ್ ನಿಮ್ಮ ಕೈಯಲ್ಲಿರುತ್ತದೆ. ಗೂಗಲ್ ಸರ್ಚ್, ಶಾಪಿಂಗ್, ಪರ್ಫಾರ್ಮೆನ್ಸ್ ಮ್ಯಾಕ್ಸ್ ಹಾಗೂ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕ್ಯಾಂಪೇನ್‌ಗಳನ್ನು ನೀವೇ ರೂಪಿಸಿ ನಡೆಸಬೇಕು. ಸರ್ಚ್ ಟರ್ಮ್ಸ್ ವರದಿಯನ್ನು ವಾರಕ್ಕೆರಡು ಬಾರಿಯಾದರೂ ತೆರೆದು ನೋಡಬೇಕು. ‘ಮಿಡಿ ಉಪ್ಪಿನಕಾಯಿ ಮಾಡುವ ವಿಧಾನ’ ಎಂದು ಹುಡುಕುವವರು ಸಾಮಾನ್ಯವಾಗಿ ಕೊಳ್ಳಲು ಬಂದವರಲ್ಲ. ಅಂಥ ಪದಗಳು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹೋಗಬೇಕು.

ನಾವು ಕ್ಲಿಕ್ ಎಣಿಸುವುದಿಲ್ಲ, ಉಳಿಕೆ ಎಣಿಸುತ್ತೇವೆ. 600 ರೂಪಾಯಿಯ ಆರ್ಡರಿನಲ್ಲಿ ಸರಕು, ಗಾಜಿನ ಜಾಡಿ, ಕೊರಿಯರ್ ಎಲ್ಲ ಕಳೆದು 180 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ಆ ಆರ್ಡರ್ ತರಲು ಜಾಹೀರಾತಿಗೆ 200 ರೂಪಾಯಿ ಹೋಗಿದ್ದರೆ ಪರದೆಯ ಮೇಲೆ ROAS 3 ಎಂದು ಚೆನ್ನಾಗಿಯೇ ಕಾಣುತ್ತದೆ, ಪೆಟ್ಟಿಗೆಯಲ್ಲಿ ಮಾತ್ರ 20 ರೂಪಾಯಿ ನಷ್ಟ. ಕ್ಯಾಶ್ ಆನ್ ಡೆಲಿವರಿಯಲ್ಲಿ ಹೋದ ಪಾರ್ಸೆಲ್ ಮರಳಿದರೆ ಹೋಗುವ, ಬರುವ ಎರಡೂ ಖರ್ಚು ನಮ್ಮದೇ. ಈ ಲೆಕ್ಕವನ್ನು ಪ್ರತಿ ಸೋಮವಾರದ ವರದಿಯಲ್ಲಿ ತೋರಿಸಬೇಕು.

ಮಾವಿನ ಮಿಡಿ ಸಿಗುವ ಕಾಲ ಚಿಕ್ಕದು. ಆ ವರ್ಷದ ಉಪ್ಪಿನಕಾಯಿ ಮುಗಿದರೆ ಅದರ ಜಾಹೀರಾತು ಅಂದೇ ನಿಲ್ಲಬೇಕು. ಆದ್ದರಿಂದ ಗೋದಾಮಿನವರೊಡನೆ ದಿನವೂ ಮಾತು ಅಗತ್ಯ. ಆಷಾಢದ ಮಳೆಯಲ್ಲಿ ಸರಕು ನಮ್ಮಲ್ಲಿಗೆ ತಲುಪುವುದೇ ತಡವಾಗುತ್ತದೆ. ಆಗ ‘ಎರಡೇ ದಿನದಲ್ಲಿ ಮನೆಗೆ’ ಎಂದು ಬರೆಯಲು ನಾವು ಒಪ್ಪುವುದಿಲ್ಲ.

ತಿಳಿದಿರಬೇಕಾದ ಉಪಕರಣಗಳು

- ಗೂಗಲ್ ಆಡ್ಸ್, ಮರ್ಚೆಂಟ್ ಸೆಂಟರ್, ಮೆಟಾ ಆಡ್ಸ್ ಮ್ಯಾನೇಜರ್
- ಗೂಗಲ್ ಅನಲಿಟಿಕ್ಸ್ 4, ಟ್ಯಾಗ್ ಮ್ಯಾನೇಜರ್, ಮೆಟಾ ಪಿಕ್ಸೆಲ್. ಒಂದೇ ಆರ್ಡರ್ ಎರಡು ಬಾರಿ ದಾಖಲಾದರೆ ಪತ್ತೆ ಹಚ್ಚುವಷ್ಟು ಹಿಡಿತ
- `utm_source`, `utm_campaign` ಗುರುತುಗಳನ್ನು ಶಿಸ್ತಾಗಿ ಇಡುವ ಅಭ್ಯಾಸ
- ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್
- ಶಾಪಿಫೈ, ಕ್ಯಾನ್ವಾ ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಲಿಸುತ್ತೇವೆ

ಗೂಗಲ್ ಸರ್ಚ್ ಜಾಹೀರಾತಿನ ಶೀರ್ಷಿಕೆಗೆ 30 ಅಕ್ಷರಗಳ ಮಿತಿಯಿದೆ. ಅಷ್ಟರಲ್ಲೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೊಗಸಾಗಿ ಬರೆಯಬಲ್ಲವರು ನಮಗೆ ಬೇಕು. ಅನುವಾದದಂತೆ ಓದಿಸಿಕೊಳ್ಳುವ ಕನ್ನಡ ಬೇಡ.

ಅರ್ಹತೆ, ಸಂಬಳ

ಯಾವುದೇ ಪದವಿ. ಜಾಹೀರಾತು ಖಾತೆಯನ್ನು ಸ್ವಂತವಾಗಿ ನಡೆಸಿದ ಒಂದರಿಂದ ಮೂರು ವರ್ಷದ ಅನುಭವ. ಸಂಬಳ ತಿಂಗಳಿಗೆ 28,000ದಿಂದ 38,000 ರೂಪಾಯಿ, ಜೊತೆಗೆ ಪಿಎಫ್. ಸೋಮವಾರದಿಂದ ಶನಿವಾರ, ಬೆಳಿಗ್ಗೆ 9.30ರಿಂದ ಸಂಜೆ 6. ದೀಪಾವಳಿಯ ಹಿಂದಿನ ಎರಡು ವಾರ ಕೆಲಸ ಹೆಚ್ಚಿರುತ್ತದೆ. ಅದಕ್ಕೆ ಬದಲಿ ರಜೆ ಕೊಡುತ್ತೇವೆ. ಬೆಂಗಳೂರಿನಿಂದ ಊರಿಗೆ ಮರಳಬೇಕೆಂದಿರುವವರ ಅರ್ಜಿಗೆ ವಿಶೇಷ ಸ್ವಾಗತ.

ಅರ್ಜಿ

ನಮ್ಮ ಜಾಲತಾಣದ ‘ಉದ್ಯೋಗ’ ಪುಟದ ಮೂಲಕ ರೆಸ್ಯೂಮೆ ಕಳುಹಿಸಿ. ಜೊತೆಗೆ ನೀವು ನಡೆಸಿದ ಒಂದು ಕ್ಯಾಂಪೇನಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ: ಎಷ್ಟು ಖರ್ಚಾಯಿತು, ಎಷ್ಟು ಬಂತು, ಯಾವುದನ್ನು ನಿಲ್ಲಿಸಿದಿರಿ, ಏಕೆ. ಹಳೆಯ ಸಂಸ್ಥೆಯ ಗುಟ್ಟಿನ ಅಂಕಿಅಂಶ ಬೇಡ, ಪ್ರಮಾಣ ತಿಳಿದರೆ ಸಾಕು. ಆಯ್ಕೆಯಾದವರಿಗೆ ಕಚೇರಿಯಲ್ಲಿ ಒಂದು ಗಂಟೆಯ ಪ್ರಾಯೋಗಿಕ ಪರೀಕ್ಷೆ, ಆ ಬಳಿಕ ಸಂದರ್ಶನ. ಆಯ್ಕೆಯಾಗದವರಿಗೂ ಉತ್ತರ ಬರೆಯುತ್ತೇವೆ.