ಆತಕೂರಿನ ಕಲ್ಲು: ಮೇಷ್ಟ್ರನ್ನು ಪರಿಚಯಿಸುವ ಮಾತು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಈಗ ರಾತ್ರಿ 7:30, ದುಬೈಯಲ್ಲಿ ಸಂಜೆ 6, ನ್ಯೂಜೆರ್ಸಿಯವರಿಗೆ ಬೆಳಿಗ್ಗೆ 10. ಭಾನುವಾರದ ಹೊತ್ತನ್ನು ಆತಕೂರಿನ ಶಾಸನದ ಬಗ್ಗೆ ಮೇಷ್ಟ್ರ ಮಾತು ಕೇಳೋದಕ್ಕೆ ಕೊಟ್ಟಿದ್ದೀರಿ, ತುಂಬಾ ಸಂತೋಷ.

ಮೇಷ್ಟ್ರೇ, ನನ್ನ ಮಾತು ಕೇಳಿಸ್ತಿದೆಯಾ?

(ಮೂರು ಸೆಕೆಂಡು ಕಾದು)

ಹಾಂ, ಕೈ ಎತ್ತಿದ್ರಿ, ಸರಿ. ಮೇಷ್ಟ್ರು ಮದ್ದೂರಿನ ಹತ್ತಿರದ ತಮ್ಮ ಊರಿನ ಮನೆ ಜಗಲಿಯಲ್ಲಿ ಕೂತು ಫೋನಿನಿಂದ ಸೇರಿದ್ದಾರೆ. ಅವರ ಮಾತು ನಮಗೆ ಸ್ವಲ್ಪ ತಡವಾಗಿ ಬರುತ್ತೆ, ನಮ್ಮದೂ ಅವರಿಗೆ ಹಾಗೇ. ಅವರು ನಿಲ್ಲಿಸಿದ ಹಾಗೆ ಕಂಡರೂ ಯಾರೂ ನಡುವೆ ಮಾತಾಡಬೇಡಿ, ಮುಂದಿನ ಮಾತು ದಾರಿಯಲ್ಲಿರುತ್ತೆ. ದಯವಿಟ್ಟು ಎಲ್ಲರೂ ಮ್ಯೂಟ್‌ನಲ್ಲಿರಿ. ಇವತ್ತು ಅವರು ಹಳಗನ್ನಡದ ಸಾಲುಗಳನ್ನು ಓದ್ತಾರೆ. ನಾವು ಈಗ ಬರೆಯದೇ ಬಿಟ್ಟಿರುವ ೞ ಅವರ ಬಾಯಲ್ಲಿ ಹೇಗೆ ಬರುತ್ತೆ ಅಂತ ಕೇಳಬೇಕು. ಒಂದು ಕುಕ್ಕರ್ ಸೀಟಿ ಬಂದರೆ ಅದು ಹೋಗಿಬಿಡುತ್ತೆ.

ಚಾಟ್‌ನಲ್ಲಿ ಇಬ್ಬರು ಧ್ವನಿ ಬರ್ತಿಲ್ಲ ಅಂತ ಬರೆದಿದ್ದೀರಿ. ಉಳಿದವರಿಗೆ ಕೇಳಿಸ್ತಿದೆ, ಹಾಗಾಗಿ ಒಮ್ಮೆ ಹೊರಗೆ ಹೋಗಿ ಮತ್ತೆ ಬನ್ನಿ. ಇದನ್ನು ಆ ಇಬ್ಬರು ಕೇಳಿಸಿಕೊಳ್ಳಲಾರರು, ಅಕ್ಕಾ, ನೀವು ಚಾಟ್‌ನಲ್ಲೇ ಬರೆದುಬಿಡಿ. ರೆಕಾರ್ಡಿಂಗ್ ಇದೆ, ನಾಳೆ ಇದೇ ಗುಂಪಿಗೆ ಕಳಿಸ್ತೀವಿ.

ಈಗ ಸ್ಕ್ರೀನ್ ಶೇರ್ ಮಾಡ್ತೀನಿ. ಕಲ್ಲಿನ ಚಿತ್ರ ಕಾಣ್ತಿದೆಯಾ? ಕಂಡವರು ಚಾಟ್‌ನಲ್ಲಿ ಒಂದು ‘ಹೂಂ’ ಹಾಕಿ.

ಬರಲಿ, ಬರಲಿ. ಅಷ್ಟರಲ್ಲಿ ಮೇಷ್ಟ್ರ ಬಗ್ಗೆ ಹೇಳ್ತೀನಿ.

ಅವರ ಪೂರ್ತಿ ಹೆಸರು ಪೋಸ್ಟರ್‌ನಲ್ಲಿ ನೋಡಿದ್ದೀರಿ. ನಮಗೆಲ್ಲ ಅವರು ಮೇಷ್ಟ್ರು, ಅಷ್ಟೇ. ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಭಾನುವಾರ ನಮ್ಮನ್ನು ಕೆರೆ ಏರಿಯ ಮೇಲಿದ್ದ ವೀರಗಲ್ಲಿನ ಹತ್ತಿರ ಕರೆದುಕೊಂಡು ಹೋದರು. ನಾವು ದನ ಮೇಯಿಸುವಾಗ ಒರಗಿ ಕೂರುತ್ತಿದ್ದ ಕಲ್ಲದು. ಪಾಚಿ ತೊಳೆಸಿದರು, ಒಂದು ಕೊಡ ನೀರು ಹಾಕಿಸಿದರು. ಆಮೇಲೆ ಸುಮ್ಮನೆ ಕೂರಿಸಿದರು. ಹೊತ್ತು ಇಳಿದು ಬಿಸಿಲು ಓರೆಯಾಗಿ ಬೀಳುವವರೆಗೂ ಕಾದೆವು. ಆಗ ಬರೀ ಗೀರು ಅಂದುಕೊಂಡಿದ್ದ ಜಾಗದಲ್ಲಿ ಅಕ್ಷರ ಎದ್ದು ಬಂದವು. ಮೇಷ್ಟ್ರು ನನ್ನ ಬೆರಳು ಹಿಡಿದು ಒಂದು ಅಕ್ಷರದ ಮೇಲೆ ಆಡಿಸಿ, “ಇದು ನಿನ್ನ ಹೆಸರಲ್ಲೂ ಇದೆ, ಯಾವುದು ಹೇಳು” ಅಂದರು. ಅಂದಿನಿಂದ ನಾನು ಯಾವ ಊರಿಗೆ ಹೋದರೂ ಗುಡಿಯ ಅಂಗಳದ ಕಲ್ಲುಗಳನ್ನು ನೋಡದೆ ಬಂದಿಲ್ಲ.

ನಿವೃತ್ತಿಯಾದ ಮೇಲೂ ಅವರು ನಿಲ್ಲಿಸಲಿಲ್ಲ. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಕೇಳಿ ಬಂದ ಹುಡುಗರಿಗೆಲ್ಲ ಕಲಿಸಿದ್ದಾರೆ. ಬಿ.ಎಲ್. ರೈಸ್ ಅವರು ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ಚೀಲದಲ್ಲಿಟ್ಟುಕೊಂಡು, ಅದರಲ್ಲಿರುವ ಕಲ್ಲು ಆ ಊರಲ್ಲಿ ಈಗಲೂ ಇದೆಯಾ ಅಂತ ಹುಡುಕಿಕೊಂಡು ಹೋಗ್ತಾರೆ. ಕೆಲವು ಕಡೆ ಇರುತ್ತೆ. ಕೆಲವು ಕಡೆ ಮೋರಿಗೆ ಹಾಸಿರ್ತಾರೆ. ಅಂಥ ದಿನ ಅವರು ಫೋನ್ ಮಾಡಿದರೆ ದನಿಯಲ್ಲೇ ಗೊತ್ತಾಗುತ್ತೆ.

‘ಹೂಂ’ಗಳು ಸಾಕಷ್ಟು ಬಂದಿವೆ. ಚಾಟ್‌ನಲ್ಲಿ ಮೇಲುಗಡೆ ಒಬ್ಬರು, “ಚಿತ್ರದಲ್ಲಿ ನಾಯಿ ಯಾಕಿದೆ?” ಅಂತ ಕೇಳಿದ್ದೀರಿ. ಇವತ್ತಿನ ವಿಷಯವೇ ಅದು. ಇದು ಆತಕೂರಿನ ಶಾಸನ, ಕಾಲ ಸುಮಾರು 949-50. ಈಗ ಕಲ್ಲು ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ, ಚೋಳ ರಾಜಾದಿತ್ಯ ಸತ್ತ. ಆ ಬೂತುಗನ ಕಡೆಯ ವೀರ ಮಣಲೆರ. ಮೆಚ್ಚಿದ್ದೇನೆ, ಬೇಕಾದ್ದು ಕೇಳು ಅಂದಾಗ ಮಣಲೆರ ಕೇಳಿದ್ದು ಕಾಳಿ ಅನ್ನುವ ಒಂದು ಬೇಟೆನಾಯಿಯನ್ನು. ಆ ಕಾಳಿಗೆ ಏನಾಯ್ತು, ಅದಕ್ಕೆ ಕಲ್ಲು ಯಾಕೆ ನಿಂತಿತು ಅನ್ನೋದನ್ನು ನಾನು ಹೇಳೋದಿಲ್ಲ. ಅದು ಮೇಷ್ಟ್ರ ಬಾಯಲ್ಲೇ ಬರಬೇಕು.

ಪ್ರಶ್ನೆ ಇರುವವರು ಸಾಲಿನ ಮೊದಲಿಗೆ ‘ಪ್ರಶ್ನೆ’ ಅಂತ ಬರೆಯಿರಿ. ನಮಸ್ಕಾರಗಳ ನಡುವೆ ಅವು ಕಳೆದುಹೋಗಬಾರದು. ಅಕ್ಕ ಅವನ್ನು ಆರಿಸಿಡ್ತಾರೆ, ಕೊನೆಯ 20 ನಿಮಿಷದಲ್ಲಿ ನಾನು ಓದ್ತೀನಿ.

ಮೇಷ್ಟ್ರೇ, ಚಿತ್ರ ಬದಲಿಸೋದು ನಾನು. ‘ಮುಂದೆ’ ಅನ್ನೋ ಬದಲು ‘ಮೂರನೇ ಚಿತ್ರ’, ‘ನಾಲ್ಕನೇ ಚಿತ್ರ’ ಅಂತ ಸಂಖ್ಯೆ ಹೇಳಿ, ಮಾತು ತಡವಾದರೂ ತಪ್ಪು ಚಿತ್ರ ಬರೋದಿಲ್ಲ. ನಿಮ್ಮ ದನಿ ಕಡಿದರೆ ನಾನು ಪರದೆ ಮುಂದೆ ಕೈ ಬೀಸ್ತೀನಿ, ಆಗ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ವಿಡಿಯೋ ಆಫ್ ಆದರೂ ಯೋಚನೆ ಬೇಡ, ನಮಗೆ ದನಿ ಇದ್ದರೆ ಸಾಕು.

ಮೊದಲನೇ ಚಿತ್ರ ಪರದೆಯ ಮೇಲಿದೆ, ಮೇಷ್ಟ್ರೇ. ನಾನು ಮ್ಯೂಟ್ ಮಾಡ್ಕೊಳ್ತೀನಿ. ಶುರು ಮಾಡಿ.